ವ್ಯೂಸ್ ಎಷ್ಟು ಅಂತಲ್ಲ, ರೊಟ್ಟಿ ಎಷ್ಟು ಹೋತು ಅಂತ ಕೇಳಿದರು

ಕಲಬುರಗಿಯ ಒಬ್ಬ ಅಕ್ಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಪ್ಯಾಕ್ ಮಾಡಿ ಊರೂರಿಗೆ ಕಳಿಸುತ್ತಾರೆ. ಬೀದರಿನ ಹುಡುಗಿಯೊಬ್ಬಳ ಅಡುಗೆ ಚಾನೆಲ್‌ಗೆ ₹20,000 ಕೊಟ್ಟು ಒಂದು ವಿಡಿಯೋ ಮಾಡಿಸಿದ್ದರು. ನಡುವಿನ ಕೆಲಸ ನನ್ನದು: ಲಿಂಕ್ ಕಟ್ಟುವುದು, ಲೆಕ್ಕ ಇಡುವುದು, ಕೊನೆಗೆ ವರದಿ ಕೊಡುವುದು. ಹತ್ತು ದಿನ ಆದ ಮೇಲೆ ಫೋನ್ ಬಂತು. "ವ್ಯೂಸ್ ಭಾಳ ಬಂದಾವ ಅಂತೀರಿ. ಅದರಾಗ ರೊಟ್ಟಿ ತಗೊಂಡೋರು ಎಷ್ಟು ಮಂದಿ, ಅದು ಹೇಳ್ರಿ ಮೊದಲ."

ಈ ಪ್ರಶ್ನೆಗೆ ಉತ್ತರ ವಿಡಿಯೋ ಹಾಕುವ ಮೊದಲೇ ತಯಾರಾಗಬೇಕು. ಹಾಕಿದ ಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಹುಡುಕಿ ಕೊಡುವುದಿಲ್ಲ. ಆ ವಿಡಿಯೋಕ್ಕೆ ಏನು ಮಾಡಿದ್ದೆವು, ಎಲ್ಲಿ ಲೆಕ್ಕ ತಪ್ಪುತ್ತಿತ್ತು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಅಂಕಿಗಳನ್ನು ಓದಲು ಸುಲಭವಾಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲನೆಯದು, ಜಾಗಕ್ಕೊಂದು ಲಿಂಕ್. ಎಷ್ಟೋ ಚಾನೆಲ್‌ನವರು ಒಂದೇ ಲಿಂಕನ್ನು ಡಿಸ್ಕ್ರಿಪ್ಷನ್‌ನಲ್ಲಿ, ಪಿನ್ ಮಾಡಿದ ಕಾಮೆಂಟಿನಲ್ಲಿ, ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ಹಾಕಿಬಿಡುತ್ತಾರೆ. ಆಮೇಲೆ ಯಾರು ಎಲ್ಲಿಂದ ಬಂದರು ಅಂತ ಗೊತ್ತಾಗುವುದಿಲ್ಲ. ಲಿಂಕಿನ ಬಾಲಕ್ಕೆ ನಾಲ್ಕು ಗುರುತು ಕಟ್ಟಿದರೆ ಸಾಕು:

```
https://example.com/khadak-rotti?utm_source=youtube&utm_medium=influencer&utm_campaign=ellamavase&utm_content=pinned
```

ಮೊದಲಿನದು ಯಾವ ತಾಣ, ಎರಡನೆಯದು ಯಾವ ಬಗೆಯ ಪ್ರಚಾರ, ಮೂರನೆಯದು ಯಾವ ಪ್ರಚಾರ, ಕೊನೆಯದು ಆ ತಾಣದಲ್ಲೇ ಯಾವ ಜಾಗ. ಡಿಸ್ಕ್ರಿಪ್ಷನ್ ಲಿಂಕಿನಲ್ಲಿ `pinned` ಇದ್ದ ಕಡೆ `description` ಅಂತ ಬದಲಾಗುತ್ತದೆ, ಅಷ್ಟೇ ವ್ಯತ್ಯಾಸ. ಎಲ್ಲವೂ ಸಣ್ಣ ಅಕ್ಷರದಲ್ಲೇ ಇರಬೇಕು. ಒಂದು ಕಡೆ `YouTube`, ಇನ್ನೊಂದು ಕಡೆ `youtube` ಅಂತ ಬರೆದರೆ ಗೂಗಲ್ ಅನಾಲಿಟಿಕ್ಸ್ ಅವನ್ನು ಬೇರೆ ಬೇರೆ ತಾಣಗಳೆಂದೇ ಎಣಿಸುತ್ತದೆ. ನಾನು ಈ ಹೆಸರುಗಳನ್ನು ಒಂದು ಶೀಟಿನಲ್ಲಿ ಬರೆದಿಟ್ಟು ಅಲ್ಲಿಂದಲೇ ಕಾಪಿ ಮಾಡುತ್ತೇನೆ, ಕೈಯಿಂದ ಟೈಪ್ ಮಾಡುವುದಿಲ್ಲ.

ಲಿಂಕನ್ನು ಎಲ್ಲಿ ಒತ್ತಲು ಬರುತ್ತದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಬೇಕು. ಯೂಟ್ಯೂಬ್ ಶಾರ್ಟ್ಸ್‌ನ ಡಿಸ್ಕ್ರಿಪ್ಷನ್ ಮತ್ತು ಕಾಮೆಂಟಿನಲ್ಲಿ ಹಾಕಿದ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಒತ್ತಲು ಬರುವುದಿಲ್ಲ, ಬರೀ ಅಕ್ಷರವಾಗಿ ಕಾಣುತ್ತದೆ. ಅದಕ್ಕೇ ನಾವು ಶಾರ್ಟ್ಸ್‌ಗೆ ಲಿಂಕ್ ಕಟ್ಟಲೇ ಇಲ್ಲ, ದೊಡ್ಡ ವಿಡಿಯೋದ ಕಡೆಗೆ ಜನರನ್ನು ಕಳಿಸಿದೆವು.

ಹಾಕುವ ಹಿಂದಿನ ಸಂಜೆ ಪ್ರತಿ ಲಿಂಕನ್ನೂ ಮೊಬೈಲಿನಲ್ಲಿ, ವೈಫೈ ಆರಿಸಿ, ಒತ್ತಿ ನೋಡಿದೆ. ಪುಟ ತೆರೆದ ಮೇಲೆ ಮೇಲಿನ ವಿಳಾಸದ ಸಾಲಿನಲ್ಲಿ `utm_` ಇನ್ನೂ ಉಳಿದಿರಬೇಕು. ಹಿಂದೊಮ್ಮೆ ಬೇರೆ ಗಿರಾಕಿಯ ವೆಬ್‌ಸೈಟಿನಲ್ಲಿ ಹಳೆಯ ವಿಳಾಸದಿಂದ ಹೊಸ ವಿಳಾಸಕ್ಕೆ ದಾಟುವಾಗ ಆ ಬಾಲ ಪೂರ್ತಿ ಉದುರಿಹೋಗುತ್ತಿತ್ತು. ಬಂದವರೆಲ್ಲ `(direct) / (none)` ಅನ್ನುವ ಸಾಲಿನಲ್ಲಿ ಬಿದ್ದರು, ನಮ್ಮ ವಿಡಿಯೋದ ಹೆಸರಿನಲ್ಲಿ ಒಬ್ಬರೂ ಇರಲಿಲ್ಲ. ಮೂರು ದಿನದ ಲೆಕ್ಕ ಹೋಯಿತು, ಮರಳಿ ಸಿಗಲಿಲ್ಲ. ಆವತ್ತಿನಿಂದ ಈ ಪರೀಕ್ಷೆ ಬಿಟ್ಟಿಲ್ಲ. ಅನಾಲಿಟಿಕ್ಸ್‌ನ `Realtime` ಪುಟವನ್ನು ಪಕ್ಕದಲ್ಲಿ ತೆರೆದಿಟ್ಟರೆ ನಾವು ಒತ್ತಿದ್ದು ಅಲ್ಲಿ ಬಂತೋ ಇಲ್ಲವೋ ಆಗಲೇ ಕಾಣುತ್ತದೆ. ಇದಕ್ಕೆ ಬ್ರ್ಯಾಂಡಿನವರು ನಮಗೆ `Viewer` ಅನುಮತಿ ಕೊಟ್ಟಿರಬೇಕು. ಅದನ್ನು ಒಪ್ಪಂದದ ದಿನವೇ ಕೇಳಿಕೊಳ್ಳಿ. ವಿಡಿಯೋ ಹೋದ ಮೇಲೆ ಕೇಳಿದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಎರಡನೆಯದು ನಮ್ಮ ಕಡೆ ಬಹಳ ಮುಖ್ಯ, ವಾಟ್ಸಾಪ್. ಅಕ್ಕನ ಗಿರಾಕಿಗಳಲ್ಲಿ ದೊಡ್ಡ ಪಾಲು ವೆಬ್‌ಸೈಟಿನಲ್ಲಿ ಕಾರ್ಡ್ ನಂಬರ್ ಹಾಕುವವರಲ್ಲ. "ಐದು ಪ್ಯಾಕೆಟ್ ಕಳಸ್ರಿ" ಅಂತ ಮೆಸೇಜ್ ಹಾಕಿ, ಫೋನ್‌ಪೇ ಮಾಡಿ ಮುಗಿಸುವವರು. ವಾಟ್ಸಾಪ್ ಲಿಂಕಿಗೆ ಮೇಲಿನ ಬಾಲ ಕೆಲಸ ಮಾಡುವುದಿಲ್ಲ, ಅಲ್ಲಿ ಅನಾಲಿಟಿಕ್ಸ್ ಇಲ್ಲ. ಬದಲಿಗೆ ಮೆಸೇಜಿನಲ್ಲೇ ಗುರುತು ತುಂಬಿಸಿ ಕೊಡಬಹುದು:

```
https://wa.me/91XXXXXXXXXX?text=Rotti%20order%20P1
```

ಒತ್ತಿದವರ ವಾಟ್ಸಾಪಿನಲ್ಲಿ "Rotti order P1" ಅಂತ ಮೊದಲೇ ಬರೆದಿರುತ್ತದೆ, ಅವರು ಕಳಿಸಿದರೆ ಸಾಕು. P ಅಂದರೆ ಪಿನ್ ಕಾಮೆಂಟ್, D ಅಂದರೆ ಡಿಸ್ಕ್ರಿಪ್ಷನ್. ನಂಬರಿನ ಮುಂದೆ ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ ಬೇಡ. ಕೆಲವರು ಆ ಅಕ್ಷರ ಅಳಿಸಿ ತಮ್ಮ ಮಾತು ಬರೆಯುತ್ತಾರೆ. ಅದಕ್ಕೆ ಆರ್ಡರ್ ತಗೊಳ್ಳುವ ಹುಡುಗನಿಗೆ ಒಂದೇ ಪ್ರಶ್ನೆ ಕಲಿಸಿದ್ದೆವು: "ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?" ಉತ್ತರವನ್ನು ಆರ್ಡರ್ ವಹಿಯಲ್ಲೇ ಒಂದು ಅಕ್ಷರದಲ್ಲಿ ಬರೆದುಕೊಂಡ.

ಇವೆರಡರ ಜೊತೆಗೆ ವಿಡಿಯೋದಲ್ಲಿ ಬಾಯಿಬಿಟ್ಟು ಹೇಳುವ ಕೂಪನ್ ಕೋಡ್ ಒಂದು. ಮನೆಮಂದಿಯೆಲ್ಲ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ನೋಡುವಾಗ ಲಿಂಕ್ ಒತ್ತುವವರು ಯಾರು? ಅವರು ಆಮೇಲೆ ಫೋನಿನಲ್ಲಿ ಹೆಸರು ಹುಡುಕಿ ಬರುತ್ತಾರೆ. ಕೋಡ್ ನೆನಪಿದ್ದರೆ ಅವರೂ ಲೆಕ್ಕಕ್ಕೆ ಸಿಗುತ್ತಾರೆ. ಒಂದು ಎಚ್ಚರಿಕೆ ಬೇಕು: ಲಿಂಕ್ ಒತ್ತಿ ಬಂದವರೇ ಕೋಡನ್ನೂ ಹಾಕಿರುತ್ತಾರೆ. ಅವರನ್ನು ಎರಡು ಸಲ ಎಣಿಸಬಾರದು. ಲಿಂಕಿನಲ್ಲಿ ಸಿಕ್ಕ ಆರ್ಡರುಗಳನ್ನು ಮೊದಲು ತೆಗೆದಿಟ್ಟು, ಕೋಡ್ ಮಾತ್ರ ಇದ್ದವನ್ನು ಆಮೇಲೆ ಕೂಡಿಸಬೇಕು.

ಮೂವತ್ತು ದಿನ ಮುಗಿದಾಗ ಚಾನೆಲ್ ಹುಡುಗಿಯ ಯೂಟ್ಯೂಬ್ ಸ್ಟುಡಿಯೋದಲ್ಲಿ 86,000 ವ್ಯೂಸ್ ಇತ್ತು. ಆದರೆ ರೊಟ್ಟಿಯ ಮಾತು ಬರುವುದು ಎರಡು ನಿಮಿಷ ಹತ್ತು ಸೆಕೆಂಡಿಗೆ. ಅಲ್ಲಿಗೆ ಉಳಿದವರು ನೂರಕ್ಕೆ 52 ಅಂತ ಅದೇ ಸ್ಟುಡಿಯೋದ ಗೆರೆ ತೋರಿಸಿತು. ಹಾಗಾದರೆ ರೊಟ್ಟಿಯ ಮಾತು ತಲುಪಿದ್ದು ಸುಮಾರು 45,000 ಸಲ. ನಾನು ವರದಿಯಲ್ಲಿ ಬರೆದದ್ದು ಈ ಅಂಕಿ.

ಸಣ್ಣ ಲಿಂಕ್ ಮಾಡಿಕೊಡುವ ಸೇವೆ 1,310 ಕ್ಲಿಕ್ ಅಂದಿತು, ಅನಾಲಿಟಿಕ್ಸ್ 1,020 ಭೇಟಿ ಅಂದಿತು. ಬ್ರ್ಯಾಂಡಿನವರು ಇಲ್ಲಿ ಹುಬ್ಬೇರಿಸುತ್ತಾರೆ. ಎರಡೂ ಸುಳ್ಳಲ್ಲ, ಅವು ಬೇರೆ ಬೇರೆ ಬಾಗಿಲಲ್ಲಿ ನಿಂತು ಎಣಿಸುತ್ತವೆ. ಲಿಂಕ್ ಸೇವೆ ಒತ್ತಿದ ತಕ್ಷಣ ಎಣಿಸುತ್ತದೆ, ವಾಟ್ಸಾಪಿಗೆ ಅಂಟಿಸಿದಾಗ ಚಿತ್ರ ತೋರಿಸಲು ಆ್ಯಪ್ ತಾನೇ ಲಿಂಕನ್ನು ಮುಟ್ಟಿದರೂ ಅದು ಎಣಿಕೆಗೆ ಸೇರಿಬಿಡಬಹುದು. ಅನಾಲಿಟಿಕ್ಸ್ ಎಣಿಸುವುದು ಪುಟ ತೆರೆದು ಅದರೊಳಗಿನ ಸ್ಕ್ರಿಪ್ಟ್ ಓಡಿದ ಮೇಲೆ. ಹಳ್ಳಿಯಲ್ಲಿ ನೆಟ್‌ವರ್ಕ್ ನಿಧಾನವಾಗಿ, ಪುಟ ಬರುವ ಮೊದಲೇ ಹಿಂದೆ ಹೋದವರು ಅಲ್ಲಿ ಸಿಗುವುದಿಲ್ಲ. ಇಷ್ಟು ಅಂತರ ಇದ್ದರೆ ನನಗೆ ಚಿಂತೆ ಇಲ್ಲ. ಅರ್ಧಕ್ಕರ್ಧ ಕಡಿಮೆ ಬಂದರೆ ಪುಟ ಭಾರವಾಗಿದೆ ಅಥವಾ ಬಾಲ ಉದುರುತ್ತಿದೆ ಅಂತ ಹುಡುಕಲು ಶುರು ಮಾಡುತ್ತೇನೆ.

ಆ 1,020ರಲ್ಲಿ ಡಿಸ್ಕ್ರಿಪ್ಷನ್‌ನಿಂದ 640 ಭೇಟಿ, 17 ಆರ್ಡರ್. ಪಿನ್ ಕಾಮೆಂಟಿನಿಂದ 260 ಭೇಟಿ, 19 ಆರ್ಡರ್. ಸ್ಟೋರಿಯಿಂದ 120 ಭೇಟಿ, 3 ಆರ್ಡರ್. ಅನಾಲಿಟಿಕ್ಸ್‌ನ `Traffic acquisition` ವರದಿಗೆ `Session manual ad content` ಸೇರಿಸಿದರೆ ಈ ಒಡಕು ಕಾಣುತ್ತದೆ. ಪಿನ್ ಕಾಮೆಂಟಿನಲ್ಲಿ ಬೆಲೆ, ಎಷ್ಟು ದಿನಕ್ಕೆ ಮುಟ್ಟುತ್ತದೆ, ಎಷ್ಟು ದಿನ ಕೆಡುವುದಿಲ್ಲ ಎಂದು ಬರೆದಿದ್ದೆವು. ಓದಿ ತೀರ್ಮಾನ ಮಾಡಿಕೊಂಡವರು ಮಾತ್ರ ಒತ್ತಿದ್ದಾರೆ ಅಂತ ನನ್ನ ಅಂದಾಜು. ಆದರೆ 17 ಮತ್ತು 19 ಸಣ್ಣ ಸಂಖ್ಯೆಗಳು, ಒಂದು ವಿಡಿಯೋ ನೋಡಿ ನಿಯಮ ಮಾಡಬಾರದು. ವರದಿಯಲ್ಲೂ ಹಾಗೇ ಬರೆದೆ.

ವೆಬ್‌ಸೈಟಿನ ಲಿಂಕಿನಿಂದ ಒಟ್ಟು 39 ಆರ್ಡರ್ ಆಯಿತು. ವಾಟ್ಸಾಪ್ ಗುರುತಿನಿಂದ 46, ಬರೀ ಕೋಡಿನಿಂದ 15. ಕೂಡಿದರೆ 100. ಅನಾಲಿಟಿಕ್ಸ್ ಒಂದನ್ನೇ ನಂಬಿದ್ದರೆ ಈ ವಿಡಿಯೋಕ್ಕೆ 39 ಆರ್ಡರ್ ಅಂತ ಬರೆದು ಹುಡುಗಿಯ ಕೆಲಸವನ್ನು ಅರ್ಧಕ್ಕಿಂತ ಕಡಿಮೆ ಮಾಡಿ ತೋರಿಸುತ್ತಿದ್ದೆ.

ಆದರೆ 100 ಅಂತಲೂ ವರದಿ ಕಳಿಸಲಿಲ್ಲ. ಕ್ಯಾಶ್ ಆನ್ ಡೆಲಿವರಿ ಇದ್ದ ಕಡೆ ಪಾರ್ಸೆಲ್ ಹೋಗಿ ವಾಪಸ್ ಬರುತ್ತದೆ, ಬಾಗಿಲು ತೆಗೆಯುವುದಿಲ್ಲ, ಫೋನ್ ಎತ್ತುವುದಿಲ್ಲ. ಹೋಗಿ ಬರುವ ಕೊರಿಯರ್ ಖರ್ಚು ಅಕ್ಕನ ತಲೆ ಮೇಲೆ. ಅದಕ್ಕೆ ಮೂವತ್ತು ದಿನದ ನಂತರ ಇನ್ನೂ ಐದು ದಿನ ಕಾದೆ. 12 ವಾಪಸ್ ಬಂದವು. ಕೈಗೆ ಮುಟ್ಟಿದ್ದು 88.

ವರದಿ ಒಂದೇ ಪುಟ. ಮೊದಲ ಸಾಲಿನಲ್ಲೇ ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ: "₹20,000 ಖರ್ಚಿಗೆ 88 ಆರ್ಡರ್ ಮುಟ್ಟಿವೆ, ಆರ್ಡರ್ ಒಂದಕ್ಕೆ ₹227 ಬಿತ್ತು." ಅದರ ಕೆಳಗೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅನ್ನುವುದು, ಆಮೇಲೆ ಮೇಲಿನ ಮೂರು ದಾರಿಗಳ ಸಣ್ಣ ಪಟ್ಟಿ, ಸ್ಟುಡಿಯೋ ಮತ್ತು ಅನಾಲಿಟಿಕ್ಸ್‌ನ ಸ್ಕ್ರೀನ್‌ಶಾಟ್. ಆರ್ಡರ್ ಒಂದಕ್ಕೆ ಸರಾಸರಿ ₹480, ಅದರಲ್ಲಿ ಅಕ್ಕನಿಗೆ ಉಳಿಯುವುದು ₹160. 88 ಆರ್ಡರಿಗೆ ₹14,080 ಉಳಿಯಿತು, ಹಾಕಿದ ದುಡ್ಡಿಗೆ ₹5,920 ಕಡಿಮೆ. ಇದನ್ನು ಬಚ್ಚಿಡದೆ ಬರೆದೆ. ಮಾರಾಟ ₹42,240 ಅಂತ ದಪ್ಪಕ್ಷರದಲ್ಲಿ ಹಾಕಿ ಲಾಭದ ಮಾತು ಬಿಡುವುದು ಸುಲಭ, ಆದರೆ ಅಕ್ಕ ತಮ್ಮ ವಹಿ ತೆಗೆದು ನೋಡಿದ ದಿನ ನನ್ನ ಮಾತಿಗೂ ಹುಡುಗಿಯ ಮಾತಿಗೂ ಬೆಲೆ ಹೋಗುತ್ತದೆ.

ಇನ್ನೊಂದು ಸಾಲನ್ನು ಬೇರೆ ಪೆಟ್ಟಿಗೆಯಲ್ಲಿ ಇಟ್ಟೆ. ವಿಡಿಯೋ ಬಂದ ವಾರದಲ್ಲಿ ಲಿಂಕೂ ಇಲ್ಲದ, ಕೋಡೂ ಇಲ್ಲದ ಆರ್ಡರ್ ದಿನಕ್ಕೆ ನಾಲ್ಕರಿಂದ ಒಂಬತ್ತಕ್ಕೆ ಏರಿತ್ತು. ಚಾನೆಲ್ ಹುಡುಗಿಗೆ ಖುಷಿ, "ಅದೂ ನಮ್ಮದ ಅಲ್ರೀ?" ಅಂದಳು. ಆದರೆ ವಿಡಿಯೋ ಹೋಗಿದ್ದು ಎಳ್ಳ ಅಮಾಸಿಗೆ ಒಂದು ವಾರ ಮುಂಚೆ. ಹೊಲಕ್ಕೆ ಹೋಗಿ ಭಜ್ಜಿ ರೊಟ್ಟಿ ಉಣ್ಣುವ ಹಬ್ಬ ಅದು, ಊರು ಬಿಟ್ಟು ಬೆಂಗಳೂರಲ್ಲಿ, ಪುಣೆಯಲ್ಲಿ ಇರುವವರಿಗೆ ಆ ದಿನಗಳಲ್ಲಿ ರೊಟ್ಟಿ ನೆನಪಾಗುವುದು ಸಹಜ. ಹಿಂದಿನ ವರ್ಷದ ವಹಿ ತೆಗೆಸಿದೆ. ಅದೇ ತಾರೀಖು ನೋಡಿದರೆ ತಪ್ಪಾಗುತ್ತದೆ, ಅಮಾವಾಸ್ಯೆ ಪ್ರತಿ ವರ್ಷ ಸರಿಯುತ್ತದೆ, ಹಾಗಾಗಿ ಹಬ್ಬದ ಹಿಂದಿನ ಏಳು ದಿನ ನೋಡಿದೆ. ವಿಡಿಯೋ ಇಲ್ಲದೆಯೇ ಆಗಲೂ ದಿನಕ್ಕೆ ಏಳರವರೆಗೆ ಏರಿತ್ತು. ಆದ್ದರಿಂದ "ಇದರಲ್ಲಿ ಸ್ವಲ್ಪ ವಿಡಿಯೋದ್ದು ಇರಬಹುದು, ಹೆಚ್ಚಿನದು ಹಬ್ಬದ್ದು, ಲೆಕ್ಕಕ್ಕೆ ಸೇರಿಸಿಲ್ಲ" ಅಂತ ಬರೆದೆ.

ಅರವತ್ತು ದಿನ ಆದ ಮೇಲೆ ಅಕ್ಕನೇ ಫೋನ್ ಮಾಡಿದರು. ಆ 88 ಮಂದಿಯಲ್ಲಿ 19 ಮಂದಿ ಎರಡನೇ ಸಲ ತರಿಸಿಕೊಂಡಿದ್ದರು, ಕೊರತೆ ₹2,880ಕ್ಕೆ ಇಳಿದಿತ್ತು. ಮುಂದಿನ ವಿಡಿಯೋಕ್ಕೆ ₹12,000 ಖಾಯಂ, ಕೈಗೆ ಮುಟ್ಟಿದ ಪ್ರತಿ ಆರ್ಡರಿಗೆ ₹40 ಅಂತ ಮಾತಾಯಿತು. ಹುಡುಗಿ ಒಪ್ಪಿದಳು. ಈ ಸಲ ಪಿನ್ ಕಾಮೆಂಟಿನ ಬರಹವನ್ನು ವಿಡಿಯೋಕ್ಕಿಂತ ಮೊದಲೇ ಅಕ್ಕ ಓದಿ ನೋಡುತ್ತಾರಂತೆ.