ವಾರದ ಕ್ವಿಜ್‌ಗೆ ಪಿಪಿಟಿಯ ನೋಟ್ಸ್‌ನಿಂದ ಪ್ರಶ್ನೆ ತೆಗೆಯುವುದು ಹೇಗೆ?

ಪ್ರಶ್ನೆ: ನಾನು ಇಳಕಲ್ ಹತ್ತಿರದ ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ವಾರಕ್ಕೊಂದು ಪಿಪಿಟಿ, ಸುಮಾರು ಇಪ್ಪತ್ತು ಸ್ಲೈಡ್. ತರಗತಿಯಲ್ಲಿ ಹೇಳಬೇಕಾದದ್ದನ್ನು ಸ್ಲೈಡಿನ ಕೆಳಗೆ ನೋಟ್ಸ್‌ನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಶನಿವಾರ ಗೂಗಲ್ ಫಾರ್ಮ್‌ನಲ್ಲಿ ಐದು ಪ್ರಶ್ನೆ ಕಳಿಸುತ್ತೇನೆ. ಎಲ್ಲರಿಗೂ ಐದಕ್ಕೆ ಐದು ಬರುತ್ತದೆ. ಆದರೆ ಅದೇ ವಿಷಯವನ್ನು ತರಗತಿಯಲ್ಲಿ ಬಾಯಿಂದ ಕೇಳಿದರೆ ಯಾರೂ ಮಾತಾಡುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೇಡಂ, ನಿಮ್ಮ ಪ್ರಶ್ನೆಗಳೆಲ್ಲ ಬಹುಶಃ ಸ್ಲೈಡಿನಿಂದ ಬರುತ್ತಿವೆ. ಮಕ್ಕಳು ಒಂದು ಕಡೆ ಫಾರ್ಮ್ ತೆರೆದುಕೊಂಡು, ಇನ್ನೊಂದು ಕಡೆ ನೀವು ವಾಟ್ಸಾಪ್‌ನಲ್ಲಿ ಹಾಕಿದ ಪಿಪಿಟಿ ತೆರೆದುಕೊಳ್ಳುತ್ತಾರೆ. ಮನೆಯಲ್ಲಿ ಕುಳಿತು ಬರೆಯುವ ಕ್ವಿಜ್‌ನಲ್ಲಿ ಇದನ್ನು ತಡೆಯಲು ಆಗುವುದಿಲ್ಲ. ತಡೆಯಬೇಕಾಗಿಯೂ ಇಲ್ಲ. ಪುಸ್ತಕ ತೆರೆದಿಟ್ಟರೂ ಯೋಚಿಸಬೇಕಾದ ಪ್ರಶ್ನೆ ಕೇಳಿದರೆ ಸಾಕು. ಅಂಥ ಪ್ರಶ್ನೆ ನಿಮ್ಮ ನೋಟ್ಸ್‌ನಲ್ಲಿ ಆಗಲೇ ಇದೆ.

ಐಹೊಳೆ ನಿಮಗೆ ಹತ್ತಿರ. ಆ ಪಾಠವನ್ನೇ ತೆಗೆದುಕೊಳ್ಳೋಣ. ಸ್ಲೈಡಿನಲ್ಲಿ ಹೀಗಿದೆ ಎಂದುಕೊಳ್ಳಿ: ಐಹೊಳೆ ಶಾಸನ, ಮೇಗುತಿ ಜಿನಾಲಯ, ರಚನೆ ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿ, ಭಾಷೆ ಸಂಸ್ಕೃತ, ಶಕ 556, ಅಂದರೆ ಕ್ರಿ.ಶ. 634. ಇದರಿಂದ ಪ್ರಶ್ನೆ ತೆಗೆದರೆ "ಐಹೊಳೆ ಶಾಸನ ರಚಿಸಿದವರು ಯಾರು?" ಎಂದಾಗುತ್ತದೆ. ಅದಕ್ಕೆ ಉತ್ತರ ಹುಡುಕಲು ಐದು ಸೆಕೆಂಡ್ ಸಾಕು.

ಈಗ ಕೆಳಗಿನ ನೋಟ್ಸ್ ನೋಡಿ. "ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ಇಟ್ಟುಕೊಳ್ಳುತ್ತಾನೆ. ಶಾಸನಕ್ಕೆ ತೇದಿ ಇದೆ. ಹಾಗಾಗಿ ಆ ಇಬ್ಬರು ಕವಿಗಳ ಕಾಲಕ್ಕೆ ಒಂದು ಗಡಿ ಸಿಗುತ್ತದೆ." ಸ್ಲೈಡಿನಲ್ಲಿ ಸಂಗತಿ ಇದೆ, ನೋಟ್ಸ್‌ನಲ್ಲಿ "ಹಾಗಾಗಿ" ಇದೆ. ನಾನು ಮೊದಲು ಹುಡುಕುವುದು ಈ ಪದಗಳನ್ನೇ: ಹಾಗಾಗಿ, ಏಕೆಂದರೆ, ಆದರೆ, ಗೊಂದಲ ಬೇಡ. ಅವು ಇರುವ ಸ್ಲೈಡ್‌ಗಳಿಗೆ ಗುರುತು ಹಾಕಿ. ಇಪ್ಪತ್ತು ಸ್ಲೈಡಿನಲ್ಲಿ ಆರೇಳು ಸಿಕ್ಕರೂ ಐದು ಪ್ರಶ್ನೆಗೆ ಸಾಕಾಗುತ್ತದೆ. ಫೋಟೋ ಸ್ಲೈಡ್, ಶೀರ್ಷಿಕೆ ಸ್ಲೈಡ್ ಬಿಟ್ಟುಬಿಡಿ. ಸ್ಲೈಡಿಗೊಂದು ಪ್ರಶ್ನೆ ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ.

ಆಗ ಪ್ರಶ್ನೆ ಹೀಗಾಗುತ್ತದೆ: "ಐಹೊಳೆ ಶಾಸನದಲ್ಲಿ ಕಾಳಿದಾಸನ ಹೆಸರಿದೆ. ಇದರಿಂದ ಏನು ಖಚಿತವಾಗುತ್ತದೆ?" ಸರಿ ಉತ್ತರ, ಕಾಳಿದಾಸ 634ರ ಹೊತ್ತಿಗಾಗಲೇ ಹೆಸರಾಗಿದ್ದ.

ತಪ್ಪು ಉತ್ತರಗಳನ್ನು ಎಲ್ಲಿಂದ ತರುವುದು? ಕ್ವಿಜ್ ಮಾಡುವಾಗ ಸಮಯ ತಿನ್ನುವುದು ಇದೇ. ಸುಮ್ನೆ ನಾಲ್ಕು ಕವಿಗಳ ಹೆಸರು ತುಂಬಿದರೆ ಪ್ರಯೋಜನವಿಲ್ಲ. ತರಗತಿಯಲ್ಲಿ ಮಕ್ಕಳು ನಿಜವಾಗಿ ಎಡವಿದ ಜಾಗ ಬೇಕು. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ್ದ: "ಸರ, ಹಂಗಾದ್ರ ಕಾಳಿದಾಸ ಪುಲಕೇಶಿ ಆಸ್ಥಾನದಾಗ ಇದ್ದನೇನ್ರೀ?" ಒಳ್ಳೆಯ ಪ್ರಶ್ನೆ, ಅವನೊಬ್ಬನದೇ ಅಲ್ಲ. ಆವತ್ತೇ ಆ ಸ್ಲೈಡಿನ ನೋಟ್ಸ್ ಕೆಳಗೆ ಬರೆದಿಟ್ಟೆ. ಅದೇ ಒಂದು ತಪ್ಪು ಆಯ್ಕೆಯಾಯಿತು. ಇನ್ನೊಂದು, "ಕಾಳಿದಾಸ, ರವಿಕೀರ್ತಿ ಒಂದೇ ಕಾಲದವರು." ಮೂರನೆಯದು, "ಕಾಳಿದಾಸ 634ರ ನಂತರದವನು." ಮೂರೂ ಯಾರಾದರೂ ನಂಬಬಹುದಾದ ತಪ್ಪುಗಳು.

ಎರಡನೆಯ ಉದಾಹರಣೆ ಲೆಕ್ಕದ್ದು. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂದು ನೋಟ್ಸ್‌ನಲ್ಲಿದೆ. 556ನ್ನೇ ಕೇಳಿದರೆ ಉತ್ತರ ಸ್ಲೈಡಿನಲ್ಲೇ ಇದೆ. ಅದಕ್ಕೆ ನಿಯಮ ಅದೇ ಇಟ್ಟು, ಅಂಕಿ ಬದಲಿಸಿ. ಬಾದಾಮಿಯಲ್ಲಿ ಒಂದನೆಯ ಪುಲಕೇಶಿಯ ಬಂಡೆ ಶಾಸನವಿದೆ, ಶಕ 465. ಉತ್ತರ 543. ಇಲ್ಲಿ ಪ್ರತಿ ತಪ್ಪು ಆಯ್ಕೆಯನ್ನೂ ಒಂದೊಂದು ತಪ್ಪು ಲೆಕ್ಕದಿಂದ ತೆಗೆಯಬಹುದು. ಕೂಡಿಸುವ ಬದಲು ಕಳೆದವರಿಗೆ 387 ಬರುತ್ತದೆ. ವಿಕ್ರಮ ಶಕೆಗೆ 57 ಕಳೆಯುವ ಲೆಕ್ಕ ಇಲ್ಲಿ ತಂದವರಿಗೆ 408. 57ನ್ನು ಕೂಡಿಸಿಬಿಟ್ಟವರಿಗೆ 522. ಯಾರು ಯಾವುದನ್ನು ಒತ್ತಿದರು ಎಂದು ನೋಡಿದರೆ ಅವರು ಎಲ್ಲಿ ತಪ್ಪಿದರು ಎಂದು ಕೇಳುವ ಅಗತ್ಯವೇ ಇಲ್ಲ.

ನಿಮ್ಮ ಕಾಲೇಜಿನಲ್ಲಿ ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ತಾಣ ಇದ್ದರೆ ಇದನ್ನು ಗಿಫ್ಟ್ ಎಂಬ ಸರಳ ಪಠ್ಯ ರೂಪದಲ್ಲಿ ಬರೆದು, ಯುಟಿಎಫ್-8 ಫೈಲ್ ಆಗಿ ಉಳಿಸಿ, ಐದೂ ಪ್ರಶ್ನೆಗಳನ್ನು ಒಟ್ಟಿಗೆ ಒಳಗೆ ತರಬಹುದು. ಸರಿ ಉತ್ತರಕ್ಕೆ `=`, ತಪ್ಪಿಗೆ `~`, ಮಗುವಿಗೆ ಕಾಣಬೇಕಾದ ವಿವರಣೆಗೆ `#`.

```
::ವಾರ4-2::ಬಾದಾಮಿ ಬಂಡೆ ಶಾಸನದ ವರ್ಷ ಶಕ 465. ಕ್ರಿಸ್ತಶಕ ಎಷ್ಟು? {
=543 #ಸರಿ. 465ಕ್ಕೆ 78 ಕೂಡಿಸಿದ್ದೀರಿ.
~387 #78 ಕಳೆದಿದ್ದೀರಿ. ಕೂಡಿಸಬೇಕು.
~408 #57 ಕಳೆಯುವುದು ವಿಕ್ರಮ ಶಕೆಗೆ.
~522 #ಕೂಡಿಸಿದ್ದು ಸರಿ, ಅಂಕಿ 57 ಅಲ್ಲ, 78.
}
```

ಗೂಗಲ್ ಫಾರ್ಮ್‌ನಲ್ಲಿ ಪ್ರತಿ ಆಯ್ಕೆಗೆ ಬೇರೆ ಬೇರೆ ವಿವರಣೆ ಕೊಡಲು ಬರುವುದಿಲ್ಲ. ಸರಿ ಉತ್ತರಕ್ಕೊಂದು, ತಪ್ಪಿಗೊಂದು, ಅಷ್ಟೇ. ಹಾಗಾಗಿ `Answer key` ಒಳಗೆ ತಪ್ಪು ಉತ್ತರದ ಜಾಗದಲ್ಲಿ ನಿಮ್ಮ ನೋಟ್ಸ್‌ನ ಆ "ಹಾಗಾಗಿ" ವಾಕ್ಯವನ್ನೇ ಹಾಕಿ. ಗೈರಾದ ಮಗುವಿಗೂ ನೀವು ತರಗತಿಯಲ್ಲಿ ಹೇಳಿದ ಮಾತು ಅಲ್ಲಿ ಸಿಗುತ್ತದೆ.

ನೋಟ್ಸ್‌ನೆಲ್ಲ ಒಂದೇ ಕಡೆ ನೋಡಲು ವಿಂಡೋಸ್‌ನ ಪವರ್‌ಪಾಯಿಂಟ್‌ನಲ್ಲಿ `File`, `Export`, `Create Handouts` ಒತ್ತಿ, `Notes next to slides` ಆರಿಸಿ. ವರ್ಡ್ ಫೈಲಿನಲ್ಲಿ ಸ್ಲೈಡ್ ಪಕ್ಕದಲ್ಲೇ ನೋಟ್ಸ್ ಬರುತ್ತದೆ. ಒಂದು ತೊಡಕು ನಮ್ಮ ಕಡೆ ಜಾಸ್ತಿ. ಹಳೆಯ ಪಿಪಿಟಿ ನುಡಿಯ ಹಳೆ ಫಾಂಟಿನಲ್ಲಿದ್ದರೆ, ಫಾರ್ಮ್‌ಗೆ ಅಂಟಿಸಿದಾಗ "ಐಹೊಳೆ" ಬದಲು `LºÉÆ¼É` ಎಂದು ಕಾಣುತ್ತದೆ. ಮತ್ತೆ ಟೈಪ್ ಮಾಡಲು ಕೂರಬೇಡಿ. ನುಡಿಯಲ್ಲೇ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಬದಲಿಸಿದ ಮೇಲೆ ಒತ್ತಕ್ಷರ, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ.

ಕಳಿಸುವ ಮುಂಚೆ ಇನ್ನೆರಡು ನೋಡಿಕೊಳ್ಳಿ. ಆಯ್ಕೆಗಳ ಕ್ರಮ ಬದಲಾಗಲೆಂದು `Shuffle option order` ಹಾಕಿದ್ದರೆ "ಮೇಲಿನ ಎಲ್ಲವೂ" ಎಂಬ ಆಯ್ಕೆ ಎಲ್ಲಕ್ಕಿಂತ ಮೇಲೆ ಹೋಗಿ ಕೂರಬಹುದು. ಅದನ್ನು ಬಳಸಲೇಬೇಡಿ. ಎರಡನೆಯದು "ಯಾವುದು ಸರಿಯಲ್ಲ?" ಎಂಬ ಪ್ರಶ್ನೆ. ಕನ್ನಡದಲ್ಲಿ "ಅಲ್ಲ" ವಾಕ್ಯದ ಕೊನೆಯಲ್ಲಿ, ಬೇರೆ ಪದಕ್ಕೆ ಅಂಟಿಕೊಂಡು ಬರುತ್ತದೆ. ಮೊಬೈಲಿನ ಸಣ್ಣ ಪರದೆಯಲ್ಲಿ ಓದುವ ಮಗುವಿಗೆ ಅದು ತಪ್ಪಿಹೋಗುತ್ತದೆ. ಪಾಠ ಗೊತ್ತಿದ್ದವರೂ ಅಂಕ ಕಳೆದುಕೊಳ್ಳುತ್ತಾರೆ, ಅದು ನ್ಯಾಯವಲ್ಲ ಅಲ್ವಾ? ನನಗಂತೂ ಆ ಬಗೆಯ ಪ್ರಶ್ನೆ ವಾರದ ಕ್ವಿಜ್‌ನಲ್ಲಿ ಬೇಡವೇ ಬೇಡ.

ಭಾನುವಾರ ಉತ್ತರಗಳ ಚಾರ್ಟ್ ತೆರೆದಾಗ ಒಟ್ಟು ಅಂಕಕ್ಕಿಂತ ಪ್ರತಿ ಆಯ್ಕೆಯ ಸಂಖ್ಯೆ ನೋಡಿ. ನಲವತ್ತು ಮಕ್ಕಳಲ್ಲಿ ಇಪ್ಪತ್ತೈದು ಜನ "ಪುಲಕೇಶಿಯ ಆಸ್ಥಾನ" ಒತ್ತಿದ್ದಾರೆ ಎಂದುಕೊಳ್ಳಿ. ಚೆನ್ನಾಗಿ ಓದುವವರೂ ಅವರಲ್ಲಿದ್ದರೆ ಮೊದಲು ನಿಮ್ಮ ಪ್ರಶ್ನೆಯ ವಾಕ್ಯವನ್ನೇ ಮತ್ತೊಮ್ಮೆ ಓದಿ. ವಾಕ್ಯ ಸರಿಯಿದ್ದರೆ ಸೋಮವಾರ ಆ ಒಂದು ಸ್ಲೈಡಿಗೆ ಹತ್ತು ನಿಮಿಷ ಕೊಡಿ. ಯಾರೂ ಒತ್ತದ ಆಯ್ಕೆ ಇದ್ದರೆ ಅದನ್ನು ತೆಗೆಯಿರಿ. ಅದರ ಜಾಗಕ್ಕೆ ಸೋಮವಾರ ಮಕ್ಕಳು ಕೇಳಿದ ಮಾತನ್ನು ನೋಟ್ಸ್ ಕೆಳಗೆ ಬರೆದಿಡಿ. ಮುಂದಿನ ವರ್ಷದ ಬ್ಯಾಚಿಗೆ ಅದೇ ನಾಲ್ಕನೆಯ ಆಯ್ಕೆ.