ಬಾಟಲಿಯೊಳಗೆ ಬಲೂನು ಊದಿಕೊಳ್ಳದಿರುವುದೇಕೆ?

ಪ್ರಶ್ನೆ: ಎರಡನೆಯ ತರಗತಿಯಲ್ಲಿರುವ ಮಗಳು ಬಾಟಲಿಯೊಳಗೆ ಬಲೂನು ಊದಲು ಹೋಗಿ ಸುಸ್ತಾಗುತ್ತಾಳೆ. ಅವಳ ಉಸಿರಿಗೆ ಶಕ್ತಿ ಸಾಲದೇ? — ಕುಮಟಾದಿಂದ ಒಬ್ಬ ತಾಯಿ

ಹೊಸ ಶಾಲಾವರ್ಷ ಶುರುವಾದಾಗಲೆಲ್ಲ ಕಾರವಾರದಿಂದ ಶಿರಸಿಯವರೆಗೆ ಇದೇ ಪ್ರಶ್ನೆ ಬರುತ್ತದೆ. ಇಲ್ಲ ತಾಯಿ, ಉಸಿರಿಗೂ ಇದಕ್ಕೂ ಸಂಬಂಧವಿಲ್ಲ. ಬಲೂನನ್ನು ಬಾಟಲಿಯೊಳಗೆ ಇಳಿಬಿಟ್ಟು ಅದರ ಬಾಯನ್ನು ಬಾಟಲಿಯ ಕಂಠಕ್ಕೆ ಬಿಗಿಯಾಗಿ ಹೊದಿಸಿ ನೀವೇ ಊದಿ ನೋಡಿ, ನಿಮ್ಮಿಂದಲೂ ಆಗದು. ಬಾಟಲಿ ಖಾಲಿಯಲ್ಲ, ಅದರ ತುಂಬ ಗಾಳಿಯಿದೆ, ಮತ್ತು ಕಂಠವನ್ನು ಬಲೂನು ಮುಚ್ಚಿರುವುದರಿಂದ ಆ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ.

ಇಷ್ಟು ಹೇಳಿದರೂ "ನಮ್ಮವನು ಸ್ವಲ್ಪ ಊದಿದನಲ್ಲ, ಇನ್ನೂ ಜೋರಾಗಿ ಊದಿದರೆ ಆಗುತ್ತದೆ" ಎನ್ನುವವರು ಇದ್ದೇ ಇರುತ್ತಾರೆ. ಸ್ವಲ್ಪ ಊದಿಕೊಳ್ಳುವುದು ನಿಜ. ಗಾಳಿಯನ್ನು ಒತ್ತಿ ಕಿರಿದಾಗಿಸಬಹುದು. ಆದರೆ ದೊಡ್ಡವರು ಬಲವಾಗಿ ಊದಿದರೂ ಬಾಯಿಂದ ಬರುವ ಹೆಚ್ಚುವರಿ ಒತ್ತಡ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಆದ್ದರಿಂದ 1 ಲೀಟರಿನ ಬಾಟಲಿಯಲ್ಲಿ ಹೆಚ್ಚೆಂದರೆ 100 ಮಿಲಿಲೀಟರಿನಷ್ಟು ಜಾಗ ತೆರವಾದೀತು, ರಬ್ಬರಿನ ಬಿಗಿತ ಅದರಲ್ಲೂ ಒಂದಿಷ್ಟನ್ನು ಕಡಿಮೆ ಮಾಡುತ್ತದೆ. ತೆಳುವಾದ ನೀರಿನ ಬಾಟಲಿಯಾದರೆ ಅದರ ಮೈಯೇ ಉಬ್ಬಿ ಬಲೂನಿಗೆ ಇನ್ನಷ್ಟು ಜಾಗ ಕೊಟ್ಟು ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಪ್ಲಾಸ್ಟಿಕ್ ಸೋಡಾ ಬಾಟಲಿಯಂಥ ಗಟ್ಟಿಯದನ್ನೇ ಆರಿಸಿಕೊಳ್ಳಿ.

ಶಕ್ತಿಯ ವಾದ ಮುಗಿಸಲು ಒಂದು ತೂತು ಸಾಕು. ದೊಡ್ಡವರೇ ಮೊಳೆಯೊಂದನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಬಾಟಲಿಯ ತಳದ ಹತ್ತಿರ ಚುಚ್ಚಲಿ. ಈಗ ಅದೇ ಮಗು, ಅದೇ ಉಸಿರಿನಲ್ಲಿ, ಅದೇ ಬಲೂನನ್ನು ಊದಲಿ: ಅದು ಬಾಟಲಿಯೊಳಗೆ ಹಿಗ್ಗುತ್ತ ಹೋಗುತ್ತದೆ, ತೂತಿನ ಎದುರು ಹಿಡಿದ ಅಂಗೈಗೆ ಹೊರಬರುವ ಗಾಳಿ ತಾಗುತ್ತದೆ. ಬಲೂನು ಹೊಸದಾಗಿದ್ದರೆ ಮೊದಲೇ ಹೊರಗೆ ಒಮ್ಮೆ ಊದಿ ಸಡಿಲಿಸಿರಿ, ಒಬ್ಬರ ಬಾಯಿಗಿಟ್ಟದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ. ತೂತಿಲ್ಲದ ಬಾಟಲಿಯಲ್ಲೂ ಬಲೂನು ಸಲೀಸಾಗಿ ಊದಿಕೊಂಡರೆ ಕಂಠದಲ್ಲಿ ಸಂದಿಯಿದೆ ಎಂದೇ ಅರ್ಥ.

ಮಗುವಿಗೆ ಹೇಳಬೇಕಾದ ವಾಕ್ಯ ಇಷ್ಟೇ: "ಬಾಟಲಿಯಲ್ಲಿ ಮೊದಲೇ ಗಾಳಿ ಇದೆ, ಅದು ಹೊರಗೆ ಹೋದರೆ ಬಲೂನಿಗೆ ಜಾಗ ಸಿಗುತ್ತದೆ." ಒತ್ತಡದ ಮಾತು ನಿಮಗಾಗಿ, ಅವಳಿಗಲ್ಲ.

ಇನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ, ನನಗಂತೂ ಅದೇ ಹೆಚ್ಚು ಇಷ್ಟ. ಬಲೂನು ಊದಿದ ಮೇಲೆ ತೂತನ್ನು ಬೆರಳಿನಿಂದ ಮುಚ್ಚಿ ನಿಮ್ಮ ಬಾಯನ್ನು ಸರಿಸಿದರೆ, ಬಲೂನಿನ ಬಾಯಿ ತೆರೆದೇ ಇದ್ದರೂ ಅದು ಕುಗ್ಗುವುದಿಲ್ಲ. ಕುಗ್ಗಲು ಹೊರಟರೆ ಅದರ ಸುತ್ತ ಬಾಟಲಿಯಲ್ಲಿ ಉಳಿದ ಗಾಳಿ ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತದೆ, ಆಗ ಹೊರಗಿನ ಗಾಳಿ ಬಲೂನಿನೊಳಗಿನಿಂದ ಒತ್ತಿ ಅದನ್ನು ಹಿಗ್ಗಿದಂತೆಯೇ ಹಿಡಿದಿಡುತ್ತದೆ. ಹಾಗೆ ಹಿಡಿದುಕೊಂಡೇ ಬಲೂನಿಗೆ ನೀರು ತುಂಬಿಸಿ ಬೆರಳು ತೆಗೆದರೆ, ತೂತಿನಿಂದ ಗಾಳಿ ಒಳನುಗ್ಗಿ ಬಲೂನು ಕುಗ್ಗುತ್ತದೆ, ನೀರು ಮೇಲಕ್ಕೆ ಚಿಮ್ಮುತ್ತದೆ. ಇದನ್ನು ಮಾತ್ರ ಅಂಗಳದಲ್ಲೇ ಮಾಡಿ.