ರೋಟಾ ಹಂಚುವ ಮೊದಲು: ವಾರ ಸೋಮವಾರವೇ ಶುರುವಾಗಬೇಕಿಲ್ಲ

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ರೆಸಿಡೆಂಟ್ ಡಾಕ್ಟರುಗಳ ರೋಟಾ, ಅಂದರೆ ಯಾರಿಗೆ ಯಾವಾಗ ಡ್ಯೂಟಿ ಅನ್ನುವ ಪಟ್ಟಿ, ನೋಡಿಕೊಳ್ಳುವುದು ನನ್ನ ಕೆಲಸ. ಹೆಸರಿನ ಮುಂದೆ ಖಾನೆ, ಖಾನೆಯಲ್ಲಿ ಶಿಫ್ಟು. ಎಲ್ಲ ಶಿಫ್ಟಿಗೂ ಜನ ಸಿಕ್ಕಿದರೆ ರೋಟಾ ಮುಗಿಯಿತು ಅಂತ ಅನೇಕರು ಅಂದುಕೊಳ್ಳುತ್ತಾರೆ. ಅಸಲಿ ಪರಿಶೀಲನೆ ಶುರುವಾಗುವುದೇ ಅಲ್ಲಿಂದ.

ಸರಾಸರಿ ವಾರಕ್ಕೆ 48 ಗಂಟೆ ಮೀರಬಾರದು ಅನ್ನುವ ನಿಯಮ ಎಲ್ಲರಿಗೂ ಗೊತ್ತು. ಅದನ್ನು ಅನೇಕ ವಾರಗಳ ಮೇಲೆ ಲೆಕ್ಕ ಹಾಕುವುದರಿಂದ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ಎಡವುವುದು ಇನ್ನೊಂದು ನಿಯಮದಲ್ಲಿ: ಯಾವುದೇ 168 ಗಂಟೆಗಳ ಅವಧಿಯಲ್ಲಿ 72 ಗಂಟೆಗಿಂತ ಜಾಸ್ತಿ ಕೆಲಸ ಇರಕೂಡದು. 168 ಗಂಟೆ ಅಂದರೆ ಏಳು ದಿನ. ಆದರೆ ಆ ಏಳು ದಿನ ಬುಧವಾರ ಬೆಳಿಗ್ಗೆ 9ಕ್ಕೂ ಶುರುವಾಗಬಹುದು, ಶುಕ್ರವಾರ ರಾತ್ರಿಯೂ ಶುರುವಾಗಬಹುದು.

ಒಂದು ಉದಾಹರಣೆ ನೋಡೋಣ. ಒಬ್ಬ ಡಾಕ್ಟರಿಗೆ ಮೊದಲ ವಾರ ಸೋಮವಾರ, ಮಂಗಳವಾರ ರಜೆ. ಬುಧವಾರ, ಗುರುವಾರ 9ರಿಂದ 5ರವರೆಗೆ. ಶುಕ್ರ, ಶನಿ, ಭಾನುವಾರ ಲಾಂಗ್ ಡೇ, ಅಂದರೆ ಬೆಳಿಗ್ಗೆ 8:30ರಿಂದ ರಾತ್ರಿ 9ರವರೆಗೆ ಹನ್ನೆರಡೂವರೆ ಗಂಟೆ. ಒಟ್ಟು 53.5 ಗಂಟೆ. ಎರಡನೇ ವಾರ ಸೋಮವಾರ 8 ಗಂಟೆ, ಮಂಗಳವಾರ ಲಾಂಗ್ ಡೇ, ಬುಧವಾರ, ಗುರುವಾರ ರಜೆ, ಶುಕ್ರವಾರ 8 ಗಂಟೆ. ಒಟ್ಟು 28.5. ಸರಾಸರಿ 41. ಕಾಗದದ ಮೇಲೆ ಆರಾಮಾಗಿಯೇ ಕಾಣುತ್ತದೆ, ಅಲ್ವಾ?

ಈಗ ಬುಧವಾರದಿಂದ ಮುಂದಿನ ಮಂಗಳವಾರದವರೆಗೆ ಕೂಡಿ. 8, 8, ಮೂರು ಲಾಂಗ್ ಡೇಗೆ 37.5, ಮತ್ತೆ 8, ಮತ್ತೆ 12.5. ಒಟ್ಟು 74. ನಿಯಮ ಮುರಿದಿದೆ. ವಾರದ ಕೊನೆಯಲ್ಲಿ ಮೊತ್ತ ಬರೆಯುವ ಯಾವ ಪಟ್ಟಿಯಲ್ಲೂ ಇದು ಕಾಣುವುದಿಲ್ಲ. ಕೆಲಸ ತುಂಬಿದ ಏಳು ದಿನ ಎರಡು ವಾರಗಳಿಗೆ ಹಂಚಿಹೋಗಿರುತ್ತದೆ.

ಹಿಡಿಯುವ ದಾರಿ ಸುಲಭ. ಎಕ್ಸೆಲ್‌ನಲ್ಲಿ ಪ್ರತಿ ಡಾಕ್ಟರಿಗೂ ಒಂದು ಹಾಳೆ, ಪ್ರತಿ ಶಿಫ್ಟಿಗೂ ಒಂದು ಸಾಲು. B ಕಾಲಂನಲ್ಲಿ ಶುರುವಾಗುವ ದಿನಾಂಕ ಮತ್ತು ಸಮಯ, C ಯಲ್ಲಿ ಮುಗಿಯುವುದು, D ಯಲ್ಲಿ ಗಂಟೆ. ಸಮಯದ ಜೊತೆ ದಿನಾಂಕವನ್ನೂ ಬರೆಯಲೇಬೇಕು, ಇಲ್ಲದಿದ್ದರೆ ನೈಟ್ ಶಿಫ್ಟಿನ ಲೆಕ್ಕ ಕೆಡುತ್ತದೆ. E2 ಖಾನೆಯಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=SUMPRODUCT((B$2:B$200>=B2)*(B$2:B$200<B2+7)*D$2:D$200)
```

ಆ ಶಿಫ್ಟ್ ಶುರುವಾದ ಕ್ಷಣದಿಂದ ಏಳು ದಿನದೊಳಗೆ ಶುರುವಾಗುವ ಎಲ್ಲ ಶಿಫ್ಟುಗಳ ಗಂಟೆಯನ್ನು ಇದು ಕೂಡುತ್ತದೆ. ಅವಧಿಯ ಕೊನೆ ದಾಟಿ ಹೋಗುವ ಶಿಫ್ಟನ್ನೂ ಪೂರ್ತಿ ಎಣಿಸುವುದರಿಂದ ಒಮ್ಮೊಮ್ಮೆ ಸ್ವಲ್ಪ ಜಾಸ್ತಿ ತೋರಿಸಬಹುದು. ಕಡಿಮೆಯಂತೂ ತೋರಿಸುವುದಿಲ್ಲ. 72 ದಾಟಿದ ಸಾಲುಗಳನ್ನು ಮಾತ್ರ ಕೈಯಲ್ಲಿ ಲೆಕ್ಕ ಹಾಕಿ ನೋಡಿದರೆ ಸಾಕು.

ಇನ್ನು ಸರಿಪಡಿಸುವುದು. ಮಂಗಳವಾರದ ಲಾಂಗ್ ಡೇಯನ್ನು 9ರಿಂದ 5ಕ್ಕೆ ಇಳಿಸಿದರೆ ಮೊತ್ತ 69.5ಕ್ಕೆ ಬರುತ್ತದೆ. ಆದರೆ ಆ ಲಾಂಗ್ ಡೇ ಬೇರೆ ಯಾರಿಗೋ ಹೋಗಲೇಬೇಕು. ಅದೇ ವಾರ ಸೋಮವಾರ, ಮಂಗಳವಾರ 9ರಿಂದ 5 ಮಾಡಿ, ಬುಧವಾರದಿಂದ ಶನಿವಾರದವರೆಗೆ ನಾಲ್ಕು ನೈಟ್ ಮಾಡುವ ಡಾಕ್ಟರಿಗೆ ಕೊಟ್ಟೆವು ಅಂದುಕೊಳ್ಳಿ. ನೈಟ್ ಅಂದರೆ ರಾತ್ರಿ 8:30ರಿಂದ ಬೆಳಿಗ್ಗೆ 9. ಹಿಂದಿನ ವೀಕೆಂಡ್ ಅವರಿಗೆ ರಜೆ ಇತ್ತು. ಅವರ ಮೊತ್ತ 70.5, ಸರಿಯಾಗಿದೆ. ಲಾಂಗ್ ಡೇ ಮುಗಿದು ನೈಟ್ ಶುರುವಾಗುವವರೆಗೆ 23 ಗಂಟೆಗೂ ಹೆಚ್ಚು ಬಿಡುವಿದೆ. ಎರಡು ಶಿಫ್ಟುಗಳ ನಡುವೆ ಸಾಮಾನ್ಯವಾಗಿ ಬೇಕಾದದ್ದು 11 ಗಂಟೆ. ಅದೂ ಸರಿ.

ಇಲ್ಲಿಗೆ ನಿಲ್ಲಿಸಬೇಡಿ. ನೈಟ್ ಸರಣಿ ಮುಗಿದ ಮೇಲೆ 46 ಗಂಟೆ ವಿಶ್ರಾಂತಿ ಕಡ್ಡಾಯ. ಶನಿವಾರದ ನೈಟ್ ಭಾನುವಾರ ಬೆಳಿಗ್ಗೆ 9ಕ್ಕೆ ಮುಗಿಯುತ್ತದೆ, 46 ಗಂಟೆ ಕೂಡಿದರೆ ಮಂಗಳವಾರ ಬೆಳಿಗ್ಗೆ 7. ಅವರ ಮುಂದಿನ ಶಿಫ್ಟ್ ಮಂಗಳವಾರ 8:30ಕ್ಕೆ ಇದ್ದುದರಿಂದ ಹಳೆಯ ರೋಟಾದಲ್ಲಿ ತೊಂದರೆ ಇರಲಿಲ್ಲ. ಈಗ ಲಾಂಗ್ ಡೇ ಸೇರಿ ಅವರಿಗೆ ಸತತ ಐದು ದಿನ 10 ಗಂಟೆ ಮೀರಿದ ಶಿಫ್ಟುಗಳಾದವು. ಐದು ಆದ ಮೇಲೆ 48 ಗಂಟೆ ಬಿಡುವು ಕೊಡಬೇಕು. ಅಂದರೆ ಮಂಗಳವಾರ 9ರವರೆಗೆ. ಅರ್ಧ ಗಂಟೆಗೆ ನಿಯಮ ಮುರಿಯಿತು. ಹೀಗಾದಾಗ ನಾನು ಆ ಮಂಗಳವಾರದ ಶುರುವನ್ನು 9ಕ್ಕೆ ತಳ್ಳುವ ಬದಲು, ಲಾಂಗ್ ಡೇಯನ್ನೇ ಮೂರನೆಯವರಿಗೆ ಕೊಡುತ್ತೇನೆ. 8:30ಕ್ಕೆ ವಾರ್ಡಿನಲ್ಲಿ ಹ್ಯಾಂಡ್‌ಓವರ್ ಇರುತ್ತದೆ. ಅರ್ಧ ಗಂಟೆ ತಡವಾಗಿ ಬರಲಿ ಅಂತ ಕಾಗದದಲ್ಲಿ ಬರೆದರೂ ಅವರು 8:30ಕ್ಕೇ ಬಂದು ನಿಲ್ಲುತ್ತಾರೆ.

ಕರ್ನಾಟಕದಿಂದ ಬರುವ ಡಾಕ್ಟರುಗಳಿಗೆ ಒಂದು ಮಾತು. ಟ್ರೈನಿಂಗ್ ಹುದ್ದೆಯ ಬದಲು ಕ್ಲಿನಿಕಲ್ ಫೆಲೋ ಆಗಿ ಸೇರಿದರೆ, 72 ಗಂಟೆಯ ನಿಯಮ ನಿಮ್ಮ ಕಾಂಟ್ರ್ಯಾಕ್ಟಿನಲ್ಲಿ ತಾನಾಗಿ ಬರುವುದಿಲ್ಲ, ಅದು ರೆಸಿಡೆಂಟ್ ಡಾಕ್ಟರುಗಳ ಕಾಂಟ್ರ್ಯಾಕ್ಟಿನ ನಿಯಮ. ಅದು ಬರೆದಿದೆಯೇ ಅಂತ ಸಹಿ ಹಾಕುವ ಮೊದಲೇ ನೋಡಿ. 1998ರ ವರ್ಕಿಂಗ್ ಟೈಮ್ ರೆಗ್ಯುಲೇಷನ್ಸ್‌ನ ಸರಾಸರಿ 48 ಗಂಟೆ ನಿಮಗೂ ಅನ್ವಯಿಸುತ್ತದೆ. ಅದನ್ನು ಬಿಟ್ಟುಕೊಡುವ ಆಪ್ಟ್-ಔಟ್ ಪತ್ರಕ್ಕೆ ಸಹಿ ಹಾಕಲೇಬೇಕು ಅಂತ ಯಾರೂ ಒತ್ತಾಯಿಸುವಂತಿಲ್ಲ.

ರೋಟಾ ಹಂಚಿದ ಮೇಲೆ ಡಾಕ್ಟರುಗಳು ತಮ್ಮತಮ್ಮಲ್ಲೇ ಶಿಫ್ಟ್ ಬದಲಿಸಿಕೊಳ್ಳುತ್ತಾರೆ. ಒಪ್ಪಿಗೆ ಕೊಡುವ ಮೊದಲು ಇಬ್ಬರ ಹಾಳೆಯಲ್ಲೂ ಹೊಸ ಸಮಯ ಹಾಕಿ, E ಕಾಲಂ ನೋಡಿ, ಹಿಂದಿನ ಮತ್ತು ಮುಂದಿನ ಶಿಫ್ಟಿನ ಬಿಡುವು ಅಳೆಯಿರಿ.